ಹಳೇ ಗೆರೆ ಹೋಗಬೇಕಂದ್ರೆ ಮೊದಲು ನೀರು ಚಿಮುಕಿಸಬೇಕು

(ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ ಘಟಕಗಳ ಮಾಲೀಕರು, ಸೂಪರ್‌ವೈಸರ್‌ಗಳು, ಟೈಲರ್‌ಗಳು ಮತ್ತು ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೌಲ್‌ಬಜಾರಿನ ಟೈಲರ್ ಅಣ್ಣಂದಿರು, ಅಕ್ಕಂದಿರು ಕೂತಿದ್ದೀರಿ. ಹಿಂದೆ ಬಿಕಾಂ, ಎಂಬಿಎ ಓದುವ ಮಕ್ಕಳಿದ್ದಾರೆ. ಕೆಲಸದ ಪದ್ಧತಿ ಬದಲಿಸುವಾಗ ಜನ ಯಾಕೆ ವಿರೋಧಿಸುತ್ತಾರೆ, ಅವರ ಪ್ರಶ್ನೆಗಳಿಗೆ ಹೇಗೆ ಉತ್ತರ ಕೊಡಬೇಕು ಅನ್ನುವುದರ ಬಗ್ಗೆ ಇಬ್ಬರಿಗೂ ಒಂದೇ ಮಾತು ಹೇಳಬೇಕು ಅಂತ ನನ್ನ ಆಸೆ. ಹಾಗಾಗಿ ಪ್ಯಾಂಟಿನಿಂದಲೇ ಶುರು ಮಾಡುತ್ತೇನೆ.

ಇಸ್ತ್ರಿ ಮಾಡುವವರಿಗೆ ಇದು ಗೊತ್ತು. ಪ್ಯಾಂಟಿನ ಮೇಲೆ ಒಂದು ಹಳೇ ಗೆರೆ ಕೂತಿದೆ. ಅದು ತಪ್ಪು ಜಾಗದಲ್ಲಿದೆ. ಒಣ ಬಟ್ಟೆಯ ಮೇಲೆ ಎಷ್ಟೇ ಒತ್ತಿದರೂ ಹೊಸ ಗೆರೆ ಹಳೆಯದರ ಪಕ್ಕದಲ್ಲೇ ಬೀಳುತ್ತದೆ. ಎರಡು ಗೆರೆ ಕಾಣುತ್ತವೆ. ಮೊದಲು ನೀರು ಚಿಮುಕಿಸಬೇಕು, ಬಟ್ಟೆ ಮೆತ್ತಗಾಗಬೇಕು. ಆಮೇಲೆ ಹೊಸ ಮಡಿಕೆ ಹಾಕಿ ಒತ್ತಬೇಕು. ಇನ್ನೊಂದು ಕೆಲಸ ಉಳಿದಿರುತ್ತದೆ, ಅವಸರದವರು ಅದನ್ನು ಮರೆಯುತ್ತಾರೆ. ಒತ್ತಿದ ಬಟ್ಟೆ ಆರುವ ತನಕ ಹಾಗೇ ಬಿಡಬೇಕು. ಬಿಸಿ ಇದ್ದಾಗಲೇ ಎತ್ತಿ ಎಸೆದರೆ ಹೊಸ ಗೆರೆಯೂ ನಿಲ್ಲುವುದಿಲ್ಲ.

ಜನರ ರೂಢಿ ಬದಲಾಗುವುದಕ್ಕೆ ಕರ್ಟ್ ಲೆವಿನ್ ಹೇಳಿದ ಮೂರು ಹಂತಗಳೂ ಇವೇ. ಅನ್‌ಫ್ರೀಜಿಂಗ್ ಅಂದರೆ ಕರಗಿಸುವುದು, ಚೇಂಜಿಂಗ್ ಅಂದರೆ ಬದಲಿಸುವುದು, ರೀಫ್ರೀಜಿಂಗ್ ಅಂದರೆ ಮತ್ತೆ ಗಟ್ಟಿಯಾಗಿಸುವುದು. ಲೆವಿನ್ 1890ರಲ್ಲಿ ಹುಟ್ಟಿದ ಯಹೂದಿ ಮನಶ್ಶಾಸ್ತ್ರಜ್ಞ. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಜರ್ಮನಿ ಬಿಟ್ಟು ಅಮೆರಿಕಕ್ಕೆ ಹೋದರು. 1947ರಲ್ಲಿ ತೀರಿಕೊಂಡರು. ಅದೇ ವರ್ಷ ಪ್ರಕಟವಾದ ಒಂದು ಲೇಖನದಲ್ಲಿ ಈ ಮೂರು ಹಂತಗಳ ಮಾತು ಬರುತ್ತದೆ, ಅದೂ ಬಹಳ ಚಿಕ್ಕದಾಗಿ. ಅದನ್ನು ದೊಡ್ಡ ಮಾದರಿಯಾಗಿ ಬೆಳೆಸಿದವರು ನಂತರದವರು.

ಪುಸ್ತಕಗಳಲ್ಲಿ ಒಂದು ಐಸ್ ತುಂಡಿನ ಚಿತ್ರ ಹಾಕಿ ಮುಗಿಸುತ್ತಾರೆ. ಆದರೆ ಲೆವಿನ್ ಅವರ ನಿಜವಾದ ಲೆಕ್ಕ ಬಲಗಳದ್ದು. ಒಂದು ಘಟಕದಲ್ಲಿ ದಿನಕ್ಕೆ ಇಷ್ಟೇ ಪೀಸು ಬರುತ್ತದೆ ಅಂದರೆ, ಅದು ಸುಮ್ನೆ ನಿಂತಿರುವುದಲ್ಲ. ಮೇಲೆ ತಳ್ಳುವ ಬಲಗಳಿವೆ: ಹಣದ ಆಸೆ, ಸಾವ್ಕಾರ್ರ ಒತ್ತಾಯ. ಕೆಳಗೆ ಹಿಡಿಯುವ ಬಲಗಳೂ ಇವೆ: ದಣಿವು, ಭಯ, ಪಕ್ಕದವರು ಏನಂದುಕೊಳ್ಳುತ್ತಾರೋ ಎಂಬ ಅಳುಕು. ಎರಡೂ ಸಮವಾದ ಜಾಗದಲ್ಲಿ ಕೆಲಸ ನಿಂತಿರುತ್ತದೆ. ಅದನ್ನು ಮೇಲೆತ್ತಲು ಎರಡು ದಾರಿ. ತಳ್ಳುವ ಬಲ ಜಾಸ್ತಿ ಮಾಡುವುದು ಒಂದು, ಹಿಡಿದಿರುವ ಬಲ ಕಡಿಮೆ ಮಾಡುವುದು ಇನ್ನೊಂದು. ಎರಡರಲ್ಲೂ ಪೀಸು ಏರಬಹುದು. ಆದರೆ ಬರೀ ತಳ್ಳಿದರೆ ಒಳಗೆ ಬಿಗಿತ ಹೆಚ್ಚುತ್ತದೆ ಅಂತ ಲೆವಿನ್ ಎಚ್ಚರಿಸಿದರು. ದಣಿವು, ಸಿಡುಕು, ಜಗಳ ಎಲ್ಲ ಅಲ್ಲಿಂದ ಬರುತ್ತವೆ. ವಿರೋಧದ ಪ್ರಶ್ನೆಗಳಿಗೆ ಉತ್ತರ ಕೊಡುವುದು ಅಂದರೆ ಈ ಹಿಡಿದಿರುವ ಬಲಗಳನ್ನು ಒಂದೊಂದಾಗಿ ಬಿಡಿಸುವುದು. ಇವತ್ತು ನಾನು ಮಾತಾಡಬೇಕಂತ ಬಂದಿರುವುದು ಇದರ ಬಗ್ಗೆಯೇ.

ಇದಕ್ಕೆ ನಮ್ಮ ಕಸುಬಿನಿಂದಲೇ ಉದಾಹರಣೆ ಸಿಗುತ್ತದೆ. ಅಮೆರಿಕದ ವರ್ಜೀನಿಯಾ ರಾಜ್ಯದ ಮರಿಯನ್ ಎಂಬ ಊರಿನಲ್ಲಿ ಹಾರ್ವುಡ್ ಅಂತ ಒಂದು ಪೈಜಾಮ ಕಾರ್ಖಾನೆ ಇತ್ತು. ಸುಮಾರು 500 ಹೆಂಗಸರು, 100 ಗಂಡಸರು ಕೆಲಸಕ್ಕಿದ್ದರು. ಪೀಸ್ ರೇಟ್ ಪದ್ಧತಿ. ಮಾಲೀಕರ ಕಡೆಯ ಆಲ್ಫ್ರೆಡ್ ಮ್ಯಾರೋ ಲೆವಿನ್ ಅವರ ಸ್ನೇಹಿತ. ಅಲ್ಲಿ ಮಾದರಿ ಬದಲಾದಾಗೆಲ್ಲ ಕೆಲಸಗಾರರನ್ನು ಬೇರೆ ಕೆಲಸಕ್ಕೆ ಹಾಕಬೇಕಾಗುತ್ತಿತ್ತು. ಹಾಗೆ ಹಾಕಿದವರಲ್ಲಿ 100ಕ್ಕೆ 38 ಮಂದಿ ಮಾತ್ರ ಹಳೆಯ ವೇಗಕ್ಕೆ ಮರಳುತ್ತಿದ್ದರು. ಉಳಿದವರು ನಿಧಾನವಾಗಿಯೇ ಉಳಿಯುತ್ತಿದ್ದರು ಇಲ್ಲವೇ ಕೆಲಸ ಬಿಡುತ್ತಿದ್ದರು. ಗಮನಿಸಿ, ಕೆಲಸ ಬದಲಿಸಿದವರಿಗೆ ಕಂಪನಿ ಹೆಚ್ಚುವರಿ ಭತ್ಯೆಯನ್ನೂ ಕೊಡುತ್ತಿತ್ತು. ದುಡ್ಡು ಕೊಟ್ಟರೂ ಆಗಲಿಲ್ಲ.

ಲೆಸ್ಟರ್ ಕೋಚ್ ಮತ್ತು ಜಾನ್ ಫ್ರೆಂಚ್ ಎಂಬಿಬ್ಬರು ಇದನ್ನು ಪರೀಕ್ಷೆ ಮಾಡಿ 1948ರಲ್ಲಿ ಬರೆದರು. ಮೊದಲ ಗುಂಪಿನಲ್ಲಿ 18 ಮಂದಿ ಇಸ್ತ್ರಿಯವರಿದ್ದರು. ಅವರ ಕೆಲಸದಲ್ಲಿ ಆದ ಬದಲಾವಣೆ ಎಷ್ಟು ಗೊತ್ತಾ? ಮೊದಲು ಅರ್ಧ ಡಜನ್ ಪೈಜಾಮಗಳನ್ನು ಒಂದು ಚಪ್ಪಟೆ ರಟ್ಟಿನ ಮೇಲೆ ಪೇರಿಸುತ್ತಿದ್ದರು. ಈಗ ಅದೇ ಜಾಗದಲ್ಲಿಟ್ಟ ಒಂದು ಪೆಟ್ಟಿಗೆಯಲ್ಲಿ ಪೇರಿಸಬೇಕು. ಇಷ್ಟೇ. ಅದಕ್ಕೆ ಡಜನ್ನಿಗೆ 2 ನಿಮಿಷ ಹೆಚ್ಚು ಸಮಯವನ್ನೂ ಕೊಟ್ಟರು. ಸಭೆ ಕರೆದು ವಿಷಯ ಹೇಳಿದರು, ಹೊಸ ರೇಟು ಹೇಳಿದರು, ಪ್ರಶ್ನೆ ಇದ್ದರೆ ಕೇಳಿ ಅಂದರು, ಉತ್ತರವನ್ನೂ ಕೊಟ್ಟರು. ನಾವೂ ಹೀಗೇ ತಾನೇ ಮಾಡೋದು?

ಗಂಟೆಗೆ 60 ಯೂನಿಟ್ ಆಗಬೇಕಿದ್ದ ಕೆಲಸ 50ರ ಆಸುಪಾಸಿಗೆ ಇಳಿದು ಅಲ್ಲೇ ನಿಂತಿತು. ಮೊದಲ 40 ದಿನದಲ್ಲಿ 100ಕ್ಕೆ 17ರಷ್ಟು ಜನ ಕೆಲಸ ಬಿಟ್ಟರು. ಜಗಳ, ಸಿಟ್ಟು ಬಂತು, ಬೇಕಂತಲೇ ಕೆಲಸ ನಿಧಾನವಾಯಿತು. ರೇಟು ಸರಿಯಿಲ್ಲ ಅಂತ ದೂರು ಕೊಟ್ಟರು. ಪರಿಶೀಲಿಸಿ ನೋಡಿದರೆ ರೇಟು ಕೆಲಸಗಾರರ ಕಡೆಗೇ ಸ್ವಲ್ಪ ಸಡಿಲವಾಗಿತ್ತು!

ಬೇರೆ ಎರಡು ಸಣ್ಣ ಗುಂಪುಗಳಿದ್ದವು. ಒಂದರಲ್ಲಿ 8 ಮಂದಿ, ಇನ್ನೊಂದರಲ್ಲಿ 7 ಮಂದಿ, ಪೈಜಾಮ ಪರೀಕ್ಷಿಸುವವರು. ಇವರೆಲ್ಲರೂ ಕೂತು ಹೊಸ ಕೆಲಸ ಹೇಗಿರಬೇಕು ಅಂತ ಸೇರಿ ಯೋಜಿಸಿದರು. ಬೇಗನೆ ಹಳೆಯ ವೇಗಕ್ಕೆ ಬಂದರು, ಆಮೇಲೆ ಅದಕ್ಕಿಂತ 100ಕ್ಕೆ 14ರಷ್ಟು ಮೇಲಕ್ಕೂ ಹೋದರು. ಆ ಅವಧಿಯಲ್ಲಿ ಯಾರೂ ಕೆಲಸ ಬಿಡಲಿಲ್ಲ. ಮಧ್ಯೆ 13 ಮಂದಿಯ ಇನ್ನೊಂದು ಗುಂಪು. ಅಲ್ಲಿ ಪ್ರತಿನಿಧಿಗಳನ್ನು ಮಾತ್ರ ಸೇರಿಸಿಕೊಂಡಿದ್ದರು. ಅವರೂ 14 ದಿನದಲ್ಲಿ ಗಂಟೆಗೆ 61 ಯೂನಿಟ್ ಮುಟ್ಟಿದರು.

ಆ ಗುಂಪಿಗೆ ಬದಲಾವಣೆ ಯಾಕೆ ಬೇಕು ಅಂತ ಹೇಳಿದ ರೀತಿ ನನಗೆ ಬಹಳ ಇಷ್ಟ. ಭಾಷಣ ಮಾಡಲಿಲ್ಲ. ಎರಡು ಬಟ್ಟೆ ಮುಂದಿಟ್ಟರು. ನೋಡಲು ಎರಡೂ ಒಂದೇ. ಒಂದು 1946ರಲ್ಲಿ ಮಾರಾಟವಾಗಿದ್ದು, ಇನ್ನೊಂದು 1947ರದ್ದು. ಹಳೆಯದು ಹೊಸದರ ಎರಡು ಪಟ್ಟು ಬೆಲೆಗೆ ಹೋಗಿತ್ತು. ಅಗ್ಗದ್ದು ಯಾವುದು ಹೇಳಿ ಅಂದರು. ಯಾರಿಗೂ ಹೇಳಲಾಗಲಿಲ್ಲ. ಬೆಲೆ ಬಿದ್ದಿದೆ, ಖರ್ಚು ಇಳಿಸಲೇಬೇಕು ಅನ್ನುವುದು ಕಣ್ಣಿಗೇ ಕಂಡಿತು. ನೀರು ಚಿಮುಕಿಸುವುದು ಅಂದರೆ ಇದು.

ಎಲ್ಲಕ್ಕಿಂತ ದೊಡ್ಡ ಸಂಗತಿ ಆಮೇಲೆ ನಡೆಯಿತು. ಎರಡೂವರೆ ತಿಂಗಳಾದ ಮೇಲೆ ಆ ಮೊದಲ ಇಸ್ತ್ರಿ ಗುಂಪಿನಲ್ಲಿ ಉಳಿದ 13 ಮಂದಿಯನ್ನು ಮತ್ತೆ ಬೇರೊಂದು ಕೆಲಸಕ್ಕೆ ಹಾಕಿದರು. ಈ ಸಲ ಎಲ್ಲರನ್ನೂ ಸೇರಿಸಿಕೊಂಡು ಯೋಜಿಸಿದರು. ಅದೇ ಜನ ಬೇಗ ಚೇತರಿಸಿಕೊಂಡು ಮೊದಲಿಗಿಂತ ಚೆನ್ನಾಗಿ ಕೆಲಸ ಮಾಡಿದರು. ಜನ ಮೊಂಡರು ಅಂತ ಹೇಳುವವರು ಈ 13 ಮಂದಿಯನ್ನು ಒಮ್ಮೆ ನೆನಪಿಸಿಕೊಳ್ಳಬೇಕು.

ಇದಕ್ಕೂ ಮಿತಿಯಿದೆ. ಗುಂಪುಗಳು ಬಹಳ ಚಿಕ್ಕವು. ಇಸ್ತ್ರಿಯವರ ಕೆಲಸ ಬೇರೆ, ಪರೀಕ್ಷಿಸುವವರ ಕೆಲಸ ಬೇರೆ. 1960ರಲ್ಲಿ ಫ್ರೆಂಚ್ ಮತ್ತು ಸಂಗಡಿಗರು ನಾರ್ವೆಯ ಒಂದು ಪಾದರಕ್ಷೆ ಕಾರ್ಖಾನೆಯಲ್ಲಿ ಇಂಥದ್ದೇ ಪ್ರಯೋಗದ ಫಲಿತಾಂಶ ಬರೆದರು. ಅಲ್ಲಿ ಉತ್ಪಾದನೆಯಲ್ಲಿ ವ್ಯತ್ಯಾಸ ಬರಲಿಲ್ಲ. ಕೇಳಿದ ವಿಷಯ ಕೆಲಸಗಾರರಿಗೆ ಮುಖ್ಯ ಅನ್ನಿಸಬೇಕು, ಕೇಳುವ ರೀತಿ ಅವರಿಗೆ ಸರಿ ಅನ್ನಿಸಬೇಕು. ಇಲ್ಲದಿದ್ದರೆ ಕರೆದು ಕೂರಿಸಿದ್ದರಿಂದ ಏನೂ ಆಗುವುದಿಲ್ಲ.

ಇನ್ನು ನಾನು ಸೂಪರ್‌ವೈಸರ್ ಆಗಿದ್ದ ಕಾಲದ ಮಾತು. ಘಟಕದ ಹೆಸರು ಬೇಡ. 16 ಟೈಲರ್‌ಗಳಿದ್ದರು. ಒಬ್ಬೊಬ್ಬರೂ ಪೂರ್ತಿ ಪ್ಯಾಂಟ್ ಹೊಲಿಯುತ್ತಿದ್ದರು. ಜೇಬು, ಜಿಪ್, ಸೈಡು, ಬೆಲ್ಟು, ಲೂಪು ಎಲ್ಲ ಅವರದೇ. ಪ್ಯಾಂಟಿಗೆ 40 ರೂಪಾಯಿ. ದಿನಕ್ಕೆ ಸರಾಸರಿ 12 ಪ್ಯಾಂಟ್, ಅಂದರೆ 480 ರೂಪಾಯಿ. ಎಲ್ಲರದ್ದೂ ಸೇರಿ 192 ಪ್ಯಾಂಟ್. ಆಗ ದೊಡ್ಡ ಆರ್ಡರ್ ಬಂತು. ಎಲ್ಲ ಪೀಸೂ ಒಂದೇ ತರಹ ಇರಬೇಕು ಅನ್ನುವುದು ಖರೀದಿದಾರರ ಷರತ್ತು. ಹಾಗಾಗಿ ಲೈನ್ ಮಾಡೋಣ, ಒಬ್ಬರು ಜೇಬು, ಒಬ್ಬರು ಬೆಲ್ಟು ಅಂತ ಹಂಚೋಣ ಅಂತ ಸಾವ್ಕಾರ್ರು ತೀರ್ಮಾನಿಸಿದರು.

ನಾನು ಸೋಮವಾರ ಬೆಳಗ್ಗೆ ಎಲ್ಲರನ್ನೂ ನಿಲ್ಲಿಸಿ ಹೇಳಿದೆ. ಯಾವ ಕೆಲಸಕ್ಕೆ ಎಷ್ಟು ಅಂತ ರೇಟು ಬರೆದು ಗೋಡೆಗೆ ಅಂಟಿಸಿದೆ. ಎಲ್ಲ ಕೂಡಿಸಿದರೆ ಅದೇ 40 ರೂಪಾಯಿ. ಯಾರಿಗೂ ನಷ್ಟವಿಲ್ಲ ಅಂತ ನಂಬಿದ್ದೆ. ಮಧ್ಯಾಹ್ನದೊಳಗೆ ದೂರು ಬಂತು, ರೇಟು ಸಾಲದು ಅಂತ. ಒಂದು ವಾರ ಕಳೆಯಿತು. ದಿನಕ್ಕೆ 120 ಪ್ಯಾಂಟ್ ದಾಟಲಿಲ್ಲ. ಸಾವ್ಕಾರ್ರಿಗೆ ಹೇಳಿ ರೇಟನ್ನು 44ಕ್ಕೆ ಏರಿಸಿದೆ. ಆದರೂ ಎರಡನೇ ವಾರದ ಹೊತ್ತಿಗೆ ಐವರು ಬಿಟ್ಟುಹೋದರು. ಲೈನ್ ನಿಲ್ಲಿಸಿ ಹಳೆಯ ಪದ್ಧತಿಗೆ ಬಂದೆವು.

ಆಮೇಲೆ ಕೂತು ಲೆಕ್ಕ ಹಾಕಿದೆ. 120 ಪ್ಯಾಂಟಿಗೆ 40ರಂತೆ 4,800 ರೂಪಾಯಿ. 16 ಜನಕ್ಕೆ ಹಂಚಿದರೆ ತಲಾ 300. ನಾಲ್ಕು ರೂಪಾಯಿ ಏರಿಸಿದ ಮೇಲೂ 330. 480 ದುಡಿಯುತ್ತಿದ್ದವರ ಕೈಗೆ 330! ಅವರು ರೇಟು ಅಂದರು, ನಾನು ರೇಟನ್ನೇ ನೋಡಿದೆ. ರೇಟು ಸರಿಯಿತ್ತು, ಪೀಸು ಬರುತ್ತಿರಲಿಲ್ಲ. ಶನಿವಾರದ ಬಟವಾಡೆಯಲ್ಲಿ ಕೈಗೆ ಎಷ್ಟು ಬಂತು ಅನ್ನುವುದು ಅವರ ಪ್ರಶ್ನೆ. ನಾನು ಬೇರೆಯದಕ್ಕೆ ಉತ್ತರ ಕೊಟ್ಟಿದ್ದೆ.

ಅದರ ಕೆಳಗೆ ಇನ್ನೊಂದು ಪ್ರಶ್ನೆಯಿತ್ತು. ಅದು ಚಹಾ ಹೊತ್ತಿನಲ್ಲಿ ಹೊರಬಂತು. ನಮ್ಮಲ್ಲೇ ಹಿರಿಯ ಟೈಲರ್ ಒಬ್ಬರಿದ್ದರು. ಗ್ಲಾಸು ಕೈಯಲ್ಲಿ ತಿರುಗಿಸುತ್ತಾ ಹೇಳಿದರು: "ನೋಡಪ್ಪಾ, ನಂಗೆ ಹದಿನೆಂಟು ವರ್ಷದಿಂದ ಪೂರ್ತಿ ಪ್ಯಾಂಟು ಬರ್ತೈತೆ. ಎಲ್ಲಿ ಹೋದ್ರೂ ಮಿಷನ್ ಮೇಲೆ ಕೂಡಿಸ್ತಾರೆ. ನಾಳೆ ಈ ಯೂನಿಟ್ ಮುಚ್ಚಿದ್ರೆ, ಬರೀ ಜೇಬು ಹೊಲಿಯೋನ್ನ ಯಾರು ಕರೀತಾರೆ? ಅದೂ ಹೋಗ್ಲಿ. ನನ್ ಮುಂದಿನೋನು ರಜಾ ಹಾಕಿದ್ರೆ ನಾನು ಕೈ ಕಟ್ಟಿ ಕೂತ್ಕಬೇಕಾ?"

ಎಡ್ಗರ್ ಶೈನ್ ಎಂಬ ವಿದ್ವಾಂಸರು ಲೆವಿನ್ ಅವರ ಕರಗಿಸುವ ಹಂತವನ್ನು ಬಿಡಿಸಿ ಹೇಳಿದ್ದು ಇದನ್ನೇ. ಬದಲಾಗದಿದ್ದರೆ ಉಳಿಯುವುದಿಲ್ಲ ಎಂಬ ಆತಂಕ ಒಂದು. ಹೊಸದು ಕಲಿಯಲು ಹೋಗಿ ಇರುವ ಹೆಸರು, ಕೈಚಳಕ, ಜೊತೆಗಾರರನ್ನು ಕಳೆದುಕೊಂಡೇನು ಎಂಬ ಆತಂಕ ಇನ್ನೊಂದು. ಮೊದಲನೆಯದು ಎರಡನೆಯದಕ್ಕಿಂತ ಹೆಚ್ಚಿದ್ದರೆ ಮಾತ್ರ ಜನ ಕದಲುತ್ತಾರೆ. ಆದರೆ ಮೊದಲನೆಯದನ್ನು ಏರಿಸುತ್ತಾ ಹೋಗಬೇಡಿ, ಎರಡನೆಯದನ್ನು ಇಳಿಸಿ ಅಂತ ಶೈನ್ ಹೇಳಿದರು. ನಾವು ಮಾಡುವುದು ಉಲ್ಟಾ. "ಆರ್ಡರ್ ಹೋಗುತ್ತೆ, ಯೂನಿಟ್ ಮುಚ್ಚುತ್ತೆ" ಅಂತ ಹೆದರಿಸುತ್ತೇವೆ. ಆ ಹಿರಿಯರ ಭಯವೂ ಯೂನಿಟ್ ಮುಚ್ಚುವುದೇ ಆಗಿತ್ತು. ಹೆದರಿಸಿದಷ್ಟೂ ಅವರು ಪೂರ್ತಿ ಪ್ಯಾಂಟನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ, ಅಲ್ವಾ?

ಎರಡನೇ ಸಲ ಬೇರೆ ದಾರಿ ಹಿಡಿದೆವು. ಬಿಟ್ಟುಹೋದವರ ಜಾಗಕ್ಕೆ ಜನ ಬಂದು ಮತ್ತೆ 16 ಆಗಿದ್ದರು. ವಾಪಸ್ ಬಂದಿದ್ದ ಹತ್ತು ಪ್ಯಾಂಟ್‌ಗಳನ್ನು ಕಟಿಂಗ್ ಟೇಬಲ್ ಮೇಲೆ ಸಾಲಾಗಿ ಹಾಸಿದೆ. ಎಲ್ಲವೂ 32ರ ಸೈಜು. ಬೆಲ್ಟಿನ ಲೂಪುಗಳನ್ನು ನೋಡಿ ಅಂದೆ. ಒಂದರಲ್ಲಿ ಲೂಪು ಜೇಬಿನ ಬಾಯಿಗೆ ತಾಗಿದೆ, ಇನ್ನೊಂದರಲ್ಲಿ ಎರಡು ಬೆರಳು ಹಿಂದಿದೆ. ಒಬ್ಬಾಕೆ ತನ್ನ ಕೈಯ ಕೆಲಸ ಗುರುತು ಹಿಡಿದು, "ಇದು ನಂದು" ಅಂದಳು. ಯಾರನ್ನೂ ಬಯ್ಯುವ ಮಾತು ಅಲ್ಲಿ ಬರಲಿಲ್ಲ. ಪ್ರತಿಯೊಂದು ಪ್ಯಾಂಟೂ ಚೆನ್ನಾಗಿಯೇ ಇತ್ತು. ಆದರೆ ಹತ್ತೂ ಹತ್ತು ತರಹ ಇದ್ದವು.

ಆಮೇಲೆ ಕಟಿಂಗ್ ಪೇಪರಿನ ಹಿಂಬದಿಯಲ್ಲಿ ಅವರ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದೆವು. ಒಂದೊಂದಕ್ಕೂ ಉತ್ತರವನ್ನು ಅವರ ಜೊತೆಗೇ ಹುಡುಕಿದೆವು. ಮುಂದಿನವರು ಬರದಿದ್ದರೆ? ಪ್ರತಿ ಎರಡು ಮಿಷನ್ ನಡುವೆ ಹತ್ತು ಪೀಸಿನ ಒಂದು ಬಂಡಲ್ ಯಾವಾಗಲೂ ಇರಬೇಕು ಅಂತ ಆಯಿತು. ಜೊತೆಗೆ ಲೈನಿನ ಹೊರಗೆ ಇಬ್ಬರು ಪೂರ್ತಿ ಟೈಲರ್‌ಗಳನ್ನು ದಿನಗೂಲಿ ಮೇಲೆ ಇಟ್ಟುಕೊಂಡೆವು. ಯಾವ ಮಿಷನ್ ಖಾಲಿ ಬಿದ್ದರೂ ಅವರು ಹೋಗಿ ಕೂರುತ್ತಾರೆ. ಆ ಹಿರಿಯರೇ ಮೊದಲನೆಯವರು. ಅವರ ಹದಿನೆಂಟು ವರ್ಷದ ಕಸುಬಿಗೆ ಜಾಗ ಸಿಕ್ಕಿತು, ಅವರ ಲೈನಿನ ಜಾಗಕ್ಕೆ ಹೊಸ ಹುಡುಗ ಬಂದ. ತಪ್ಪು ಹೊಲಿಗೆ ಯಾರ ತಲೆಗೆ? ಬಂಡಲ್‌ಗೆ ಒಂದು ಚೀಟಿ, ಯಾವ ಕೆಲಸ ಯಾರು ಮಾಡಿದರು ಅಂತ ಅದರಲ್ಲಿ ಹೆಸರು. ಕಲಿಯುವ ತನಕ ಹೊಟ್ಟೆಪಾಡು? ಹಿಂದಿನ ನಾಲ್ಕು ವಾರದ ಸರಾಸರಿ 480 ರೂಪಾಯಿ, ಆರು ವಾರದ ತನಕ ಖಾತ್ರಿ.

ಕೊನೆಯದಕ್ಕೆ ಸಾವ್ಕಾರ್ರು ಒಪ್ಪಲಿಲ್ಲ. ಮೊದಲ ವಾರ ಮತ್ತೆ 120 ಪೀಸೇ ಬಂದರೆ ತಲಾ 180 ರೂಪಾಯಿ, 16 ಜನಕ್ಕೆ ದಿನಕ್ಕೆ 2,880 ರೂಪಾಯಿ ಕೈಯಿಂದ ಹೋಗುತ್ತದೆ. ಹೌದು, ಹೋಗುತ್ತದೆ. ಹಿಂದಿನ ಸಲ ಐದು ಮಿಷನ್ ಖಾಲಿ ನಿಂತಾಗ ದಿನಕ್ಕೆ 60 ಪ್ಯಾಂಟ್ ಕಡಿಮೆಯಾಗಿತ್ತು, ಆರ್ಡರ್ ತಡವಾಗಿತ್ತು. ಆ ನಷ್ಟವನ್ನು ಇದರ ಪಕ್ಕದಲ್ಲಿ ಬರೆದು ತೋರಿಸಿದೆ. ಒಪ್ಪಿದರು. ಐದನೇ ವಾರಕ್ಕೆ ದಿನಕ್ಕೆ 210 ಪ್ಯಾಂಟ್ ಬಂತು. 40 ರೂಪಾಯಿಯಂತೆ ತಲಾ 525. ಖಾತ್ರಿ ಹಣ ಆರನೇ ವಾರದಲ್ಲಿ ಕೊಡಬೇಕಾಗಲೇ ಇಲ್ಲ.

ಇಲ್ಲಿಗೆ ಗೆದ್ದೆವು ಅಂದುಕೊಂಡೆವು. ಬಟ್ಟೆ ಇನ್ನೂ ಬಿಸಿಯಿತ್ತು. ಹಬ್ಬದ ಅವಸರದಲ್ಲಿ ಒಂದು ಸಣ್ಣ ಆರ್ಡರ್ ಬಂತು. "ಇದೊಂದು ಸಲ ಪೂರ್ತಿ ಪ್ಯಾಂಟೇ ಹೊಲಿದುಬಿಡಿ" ಅಂತ ನಾನೇ ಹೇಳಿದೆ. ಮೂರು ವಾರದಲ್ಲಿ ಅರ್ಧ ಜನ ಹಳೆಯ ಪದ್ಧತಿಯಲ್ಲಿದ್ದರು. ಗೊತ್ತಾಗಿದ್ದು ಪೀಸಿನ ಲೆಕ್ಕದಿಂದಲ್ಲ, ಬಂಡಲ್ ಚೀಟಿಯಿಂದ. ಚೀಟಿಯ ಎಲ್ಲ ಸಾಲಿನಲ್ಲೂ ಒಂದೇ ಹೆಸರು! ಮಾಲೀಕರೇ, ಸೂಪರ್‌ವೈಸರ್‌ಗಳೇ, ಹಳೇ ಗೆರೆ ಮರಳುತ್ತಿದೆಯಾ ಅಂತ ನೋಡಬೇಕಾದರೆ ಇಂಥ ಒಂದು ಗುರುತು ಇಟ್ಟುಕೊಳ್ಳಿ. ಒಟ್ಟು ಉತ್ಪಾದನೆ ತಡವಾಗಿ ಹೇಳುತ್ತದೆ.

ಆಗ ಗಟ್ಟಿ ಮಾಡುವ ಕೆಲಸ ಮಾಡಿದೆವು. ಚೀಟಿ ನೋಡಿಯೇ ಶನಿವಾರದ ಬಟವಾಡೆ ಆಗಬೇಕು ಅಂತ ಮಾಡಿದೆವು. ಪೂರ್ತಿ ಪ್ಯಾಂಟಿನ 40 ರೂಪಾಯಿ ರೇಟನ್ನು ಪುಸ್ತಕದಿಂದಲೇ ತೆಗೆದೆವು. ಹೊಸಬರಿಗೆ ಲೈನಿನ ಕೆಲಸವನ್ನೇ ಕಲಿಸಿದೆವು. ಅವಸರದ ಸಣ್ಣ ಆರ್ಡರುಗಳು ಆ ಇಬ್ಬರು ಹಿರಿಯರ ಪಾಲಿಗೆ ಹೋದವು. ರೀಫ್ರೀಜಿಂಗ್ ಅಂದರೆ ಸನ್ಮಾನ ಸಮಾರಂಭ ಅಲ್ಲ. ಸಂಬಳದ ಪುಸ್ತಕ, ಕಲಿಸುವ ರೀತಿ, ಕೂರುವ ಜಾಗ ಎಲ್ಲವೂ ಹೊಸ ಪದ್ಧತಿಯ ಕಡೆಗೆ ತಿರುಗಬೇಕು.

ಮಾತು ಮುಗಿದ ಮೇಲೆ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ವಿದ್ಯಾರ್ಥಿನಿ ಕೇಳಿದಳು: ಪರೀಕ್ಷೆಯಲ್ಲಿ "ಬದಲಾವಣೆಯ ವಿರೋಧವನ್ನು ಹೇಗೆ ನಿವಾರಿಸುತ್ತೀರಿ" ಅಂತ ಬಂದರೆ ಏನು ಬರೆಯಬೇಕು ಸರ್? ಅಮ್ಮಾ, 1979ರಲ್ಲಿ ಕಾಟರ್ ಮತ್ತು ಶ್ಲೆಸಿಂಜರ್ ಆರು ದಾರಿ ಪಟ್ಟಿ ಮಾಡಿದರು. ತಿಳಿಸಿ ಹೇಳುವುದು, ಸೇರಿಸಿಕೊಳ್ಳುವುದು, ನೆರವು ಕೊಡುವುದು, ಚೌಕಾಸಿ ಮಾಡಿ ಒಪ್ಪಂದಕ್ಕೆ ಬರುವುದು, ಉಪಾಯದಿಂದ ಒಳಗೆಳೆದುಕೊಳ್ಳುವುದು, ಒತ್ತಾಯ ಮಾಡುವುದು. ಆರನ್ನೂ ಬರೆದು ಬಿಟ್ಟರೆ ಅರ್ಧ ಉತ್ತರ. ವಿರೋಧದ ಕಾರಣ ಯಾವುದು ಅಂತ ಮೊದಲು ಬರಿ, ಆ ಕಾರಣಕ್ಕೆ ಯಾವ ದಾರಿ ಅಂತ ಜೋಡಿಸು. ತಪ್ಪು ತಿಳಿವಳಿಕೆ ಇದ್ದರೆ ತಿಳಿಸಿ ಹೇಳಬೇಕು. ಕೈಗೆ ಬರುವ ದುಡ್ಡು ನಿಜವಾಗಿ ಕಡಿಮೆಯಾಗುತ್ತಿದ್ದರೆ ಎಷ್ಟು ತಿಳಿಸಿ ಹೇಳಿದರೂ ಪ್ರಯೋಜನವಿಲ್ಲ, ಅಲ್ಲಿ ಒಪ್ಪಂದ ಬೇಕು. ಹೊಸ ಕೆಲಸ ಕೈಗೆ ಹತ್ತದೆ ಹೆದರಿದ್ದರೆ ನೆರವು ಮತ್ತು ಸಮಯ ಬೇಕು. ಮೂರು ಹಂತಗಳಲ್ಲಿ ಯಾವುದರಲ್ಲಿ ಈ ಪ್ರಶ್ನೆ ಎದ್ದಿತು ಅಂತಲೂ ಬರಿ.

ಒಬ್ಬ ಮಾಲೀಕರು ಕೇಳಿದರು: ಕೆಲವರು ಕಾರಣವೇ ಇಲ್ಲದೆ ಅಡ್ಡ ಬರುತ್ತಾರಲ್ಲ, ಅವರಿಗೇನು ಮಾಡೋದು? ಇರಬಹುದು ಸಾವ್ಕಾರ್ರೇ. ಆದರೆ ನನಗೆ ಹಾಗೆ ಕಂಡವರಲ್ಲಿ ಹೆಚ್ಚಿನವರು ಸಭೆಯಲ್ಲಿ ಹೇಳಲಾಗದ ಕಾರಣ ಇಟ್ಟುಕೊಂಡಿದ್ದರು. ಒಬ್ಬಾಕೆ ಬೆಲ್ಟ್ ಮಿಷನ್ ಬೇಡವೇ ಬೇಡ ಅಂದಳು. ನಾನು ಹಟ ಅಂದುಕೊಂಡೆ. ಆಕೆಗೆ ಹತ್ತಿರದ್ದು ಸರಿಯಾಗಿ ಕಾಣುತ್ತಿರಲಿಲ್ಲ. ಕನ್ನಡಕ ಬಂದ ಮೇಲೆ ಅದೇ ಮಿಷನ್ ಮೇಲೆ ಕೂತಳು. ನಾಲ್ಕು ಜನರ ಮುಂದೆ ಕೇಳಬೇಡಿ, ಮಿಷನ್ ಪಕ್ಕದಲ್ಲಿ ಕೂತು ಕೇಳಿ.

ಕೊನೆಗೆ ಹಿಂದಿನ ಬಾಗಿಲ ಬಳಿ ನಿಂತಿದ್ದ ಒಬ್ಬ ಅಕ್ಕ ಕೇಳಿದರು: "ನಮ್ಮನ್ನ ಕೇಳ್ತೀರಿ, ಆಮೇಲೆ ನಿಮಗೆ ಬೇಕಾದ್ದೇ ಮಾಡ್ತೀರಿ. ಮೊದಲೇ ತೀರ್ಮಾನ ಆಗಿದ್ರೆ ಯಾಕೆ ಕೇಳಬೇಕು?"

ಅಕ್ಕಾ, ಇದು ಸರಿಯಾದ ಪ್ರಶ್ನೆ. ಹಾರ್ವುಡ್‌ನಲ್ಲೂ ಕೆಲಸ ಬದಲಾಗಬೇಕು ಅಂತ ತೀರ್ಮಾನಿಸಿದ್ದು ಕಂಪನಿಯೇ. ಹೇಗೆ ಬದಲಾಗಬೇಕು ಅನ್ನುವುದರಲ್ಲಿ ಮಾತ್ರ ಕೆಲಸಗಾರರ ಮಾತು ನಡೆಯಿತು. ತೀರ್ಮಾನ ಆಗಿರುವುದನ್ನು ಆಗಿಲ್ಲ ಅಂತ ಹೇಳಿ ಕೇಳಿದರೆ ಅದು ಮೋಸ, ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ. ನಾವು ಎರಡನೇ ಸಲ ಆ ಕಟಿಂಗ್ ಪೇಪರಿನ ನಡುವೆ ಚಾಕ್‌ನಿಂದ ಒಂದು ಗೆರೆ ಎಳೆದಿದ್ದೆವು. ಎಡಗಡೆ ಮುಗಿದ ಮಾತು: ಲೈನ್ ಬರುತ್ತದೆ, ಪೀಸುಗಳು ಒಂದೇ ತರಹ ಇರಬೇಕು. ಬಲಗಡೆ ನಿಮ್ಮ ಮಾತು ನಡೆಯುವ ಜಾಗ: ಯಾರು ಯಾವ ಕೆಲಸ, ಬಂಡಲ್ ಎಷ್ಟು ಪೀಸಿನದು, ಖಾತ್ರಿ ಎಷ್ಟು ವಾರ, ಯಾರ ಪಕ್ಕ ಯಾರು. ಎಡಗಡೆ ಎರಡೇ ಸಾಲು ಇತ್ತು. ಬಲಗಡೆ ಪೇಪರ್ ಸಾಲದೆ ಇನ್ನೊಂದು ಅಂಟಿಸಬೇಕಾಯಿತು. ಗಂಡ ಹೆಂಡತಿ ಇಬ್ಬರೂ ಟೈಲರ್‌ಗಳಾಗಿದ್ದವರು ಅಕ್ಕಪಕ್ಕದ ಮಿಷನ್ ಕೇಳಿದರು, ಒಬ್ಬರು ಸೈಡು, ಒಬ್ಬರು ಬೆಲ್ಟು. ನಾನು ಆ ಘಟಕ ಬಿಡುವಾಗಲೂ ಅವರು ಅಲ್ಲೇ ಹಾಗೆಯೇ ಕೂತಿದ್ದರು.